ಬಿಟಿ ಹೊಡೆದ ಮೇಲೂ ಹರಿವೆ ಹುಳು ಜೀವಂತ ಇದೆ, ಯಾಕೆ?

ಪ್ರಶ್ನೆ: ಸರ್, ನಮ್ಮದು ಅಂಕೋಲಾ ಹತ್ತಿರದ ಊರು. ಭತ್ತ ಕೊಯ್ದ ಗದ್ದೆಯಲ್ಲಿ ಒಂದು ಗುಂಟೆ ಹರಿವೆ ಹಾಕಿದ್ದೇನೆ. ಎಲೆ ಮಡಚಿ ಬಲೆ ಕಟ್ಟಿಕೊಂಡು ತಿನ್ನುವ ಹಸಿರು ಹುಳು ಬಂದಿದೆ. ಸೊಪ್ಪು ತಿನ್ನುವವರಿಗೆ ತೊಂದರೆ ಆಗಬಾರದು ಅಂತ ಬಿಟಿ ಅನ್ನುವ ಜೈವಿಕ ಕೀಟನಾಶಕದ ಪುಡಿ ತಂದು ಬೆಳಿಗ್ಗೆ ಹತ್ತು ಗಂಟೆಗೆ ಹೊಡೆದೆ. ಮರುದಿನ ನೋಡಿದರೆ ಹುಳು ಹಾಗೇ ಓಡಾಡುತ್ತಿವೆ. ಪಕ್ಕದ ಅಲಸಂದೆ ಮೇಲಿನ ಹೇನೂ ಸತ್ತಿಲ್ಲ. ಪುಡಿ ಡೂಪ್ಲಿಕೇಟ್ ಇರಬಹುದಾ? ಮನುಷ್ಯರಿಗೆ ವಿಷ ಅಲ್ಲ ಅಂದಮೇಲೆ ಹುಳು ಹೇಗೆ ಸಾಯುತ್ತದೆ? ಇನ್ನು ನಾಲ್ಕೈದು ದಿನಕ್ಕೆ ಸೊಪ್ಪು ಕಿತ್ತು ಸಂತೆಗೆ ಒಯ್ಯಬೇಕು.

ಉತ್ತರ:

ಹುಳು ಓಡಾಡುತ್ತಿದೆಯಾ ಅಂತ ನೋಡಿದ್ದೀರಿ. ಈಗ ಒಂದು ಕೆಲಸ ಮಾಡಿ. ಅದು ತಿನ್ನುತ್ತಿದೆಯಾ ಅಂತ ನೋಡಿ. ಬಿಟಿ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ. ಬಿಟಿ ತಿಂದ ಹುಳು ಕೆಲವು ಗಂಟೆಯೊಳಗೆ ಮೇಯುವುದನ್ನು ಬಿಡುತ್ತದೆ. ಆದರೆ ಸಾಯುವುದಕ್ಕೆ ಎರಡು ಮೂರು ದಿನ ಬೇಕು, ಒಮ್ಮೊಮ್ಮೆ ಇನ್ನೂ ಜಾಸ್ತಿ. ನಡುವಿನ ಆ ಹೊತ್ತಿನಲ್ಲಿ ಅದು ಜೀವಂತ ಇರುತ್ತದೆ, ಮುಟ್ಟಿದರೆ ಮಿಸುಕಾಡುತ್ತದೆ, ಬೆಳೆಗೆ ಮಾತ್ರ ಏನೂ ಮಾಡುವುದಿಲ್ಲ. ಸಾಮಾನ್ಯ ಕೀಟನಾಶಕ ಹೊಡೆದು ರೂಢಿ ಇದ್ದವರಿಗೆ ಇದು ಸೋಲಿನ ಹಾಗೆ ಕಾಣುತ್ತದೆ. ಮರುದಿನವೇ ಬೇರೆ ಔಷಧ ಹೊಡೆದುಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ಹಾಗಂತ ನಿಮ್ಮ ಸಿಂಪಡಣೆ ಸರಿಯಾಗಿಯೇ ಆಗಿದೆ ಅಂತಲೂ ನಾನು ಹೇಳುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆ ಅಂದಿರಿ, ಹುಳು ಎಲೆ ಮಡಚಿಕೊಂಡಿದೆ ಅಂದಿರಿ. ಈ ಎರಡರಲ್ಲೂ ತೊಂದರೆ ಇದೆ. ಅದು ಯಾಕೆ ಅಂತ ತಿಳಿಯಬೇಕಾದರೆ ಹುಳುವಿನ ಹೊಟ್ಟೆಯೊಳಗೆ ಏನಾಗುತ್ತದೆ ಅಂತ ಒಮ್ಮೆ ನೋಡಲೇಬೇಕು.

ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಮಣ್ಣಲ್ಲಿ, ಎಲೆ ಮೇಲೆ, ಎಲ್ಲ ಕಡೆ ಇರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನ ಇಶಿವಾಟಾ ಅವರು ಇದನ್ನು ಮೊದಲು ಗುರುತಿಸಿದ್ದು ಸಾಯುತ್ತಿದ್ದ ರೇಷ್ಮೆ ಹುಳದಲ್ಲಿ. ಹತ್ತು ವರ್ಷದ ನಂತರ ಜರ್ಮನಿಯ ಬರ್ಲಿನರ್ ಅವರು ಹಿಟ್ಟಿನ ಪತಂಗದ ಹುಳುವಿನಲ್ಲಿ ಇದನ್ನೇ ಕಂಡರು. ಆ ಹುಳು ಬಂದಿದ್ದು ಥುರಿಂಜಿಯಾ ಪ್ರಾಂತ್ಯದಿಂದ, ಅದಕ್ಕೇ ಈ ಹೆಸರು. ಅಂದರೆ ಇದು ಮೊದಲಿನಿಂದಲೂ ಹುಳುಗಳ ಕಾಯಿಲೆ. ಇದನ್ನು ಔಷಧ ಮಾಡಿಕೊಂಡಿದ್ದು ಆಮೇಲೆ.

ಈ ಬ್ಯಾಕ್ಟೀರಿಯಾಕ್ಕೆ ಆಹಾರ ಮುಗಿಯುತ್ತಾ ಬಂದಾಗ ಅದು ಬೀಜಕ ಕಟ್ಟಿಕೊಳ್ಳುತ್ತದೆ. ಬೀಜಕ ಅಂದರೆ ಹಸಿವು, ಬರ ತಡೆದುಕೊಂಡು ಕಾಯುವ ಗಟ್ಟಿ ರೂಪ. ಬೀಜಕದ ಪಕ್ಕದಲ್ಲೇ, ಅದೇ ಕೋಶದೊಳಗೆ, ಒಂದು ಹರಳೂ ಕಟ್ಟುತ್ತದೆ. ಒಳ್ಳೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಅಂಟಿಸಿದ ಹಾಗೆ ಕಾಣುತ್ತದೆ. ಈ ಹರಳು ಪೂರ್ತಿ ಪ್ರೋಟೀನ್. ಇಂಗ್ಲಿಷಿನ ಕ್ರಿಸ್ಟಲ್ ಪದದಿಂದ ಇದಕ್ಕೆ ‘ಕ್ರೈ’ ಪ್ರೋಟೀನ್ ಅಂತ ಹೆಸರಿಟ್ಟಿದ್ದಾರೆ. ನೀವು ತಂದ ಪುಡಿಯಲ್ಲಿ ಇರುವುದು ಮುಖ್ಯವಾಗಿ ಎರಡೇ ವಸ್ತು. ಈ ಹರಳುಗಳು ಮತ್ತು ಬೀಜಕಗಳು.

ಹರಳು ಹರಳಾಗಿ ಇರುವವರೆಗೆ ಅದು ಯಾರಿಗೂ ಏನೂ ಮಾಡುವುದಿಲ್ಲ. ನಮ್ಮ ಕಡೆಯ ಬೆಲ್ಲವನ್ನೇ ನೆನಪು ಮಾಡಿಕೊಳ್ಳಿ. ಅಚ್ಚುಬೆಲ್ಲದ ಮೇಲೆ ದೋಸೆ ಉಜ್ಜಿದರೆ ಸಿಹಿ ಹತ್ತುವುದಿಲ್ಲ. ಜೋನಿಬೆಲ್ಲ ಆದರೆ ಹತ್ತುತ್ತದೆ. ಹರಳೂ ಹಾಗೆಯೇ, ಮೊದಲು ಕರಗಬೇಕು. ಆದರೆ ಇದು ಬರೀ ನೀರಲ್ಲಿ ಕರಗುವುದಿಲ್ಲ, ಹುಳಿಯಲ್ಲೂ ಸರಿಯಾಗಿ ಕರಗುವುದಿಲ್ಲ. ಸುಣ್ಣದ ನೀರಿನ ಹಾಗೆ ಖಾರವಾದ, ಅಂದರೆ ಕ್ಷಾರದ ದ್ರವ ಬೇಕು. ಪತಂಗ, ಚಿಟ್ಟೆಗಳ ಮರಿಹುಳುವಿನ ಮಧ್ಯಕರುಳು ಅಂಥ ಜಾಗ. ಅಲ್ಲಿಯ ಪಿಎಚ್ ಸಾಮಾನ್ಯವಾಗಿ 9ರ ಮೇಲೆ ಇರುತ್ತದೆ, ಕೆಲವು ಹುಳುಗಳಲ್ಲಿ 10 ದಾಟುತ್ತದೆ. ಎಲೆಯೊಟ್ಟಿಗೆ ನುಂಗಿದ ಹರಳು ಅಲ್ಲಿ ಕರಗುತ್ತದೆ.

ಕರಗಿದ ಮೇಲೂ ಅದಿನ್ನೂ ಪೂರ್ತಿ ತಯಾರಾಗಿರುವುದಿಲ್ಲ. ಹೊರಬರುವ ಪ್ರೋಟೀನ್ ಸಿಪ್ಪೆಸಮೇತ ಇರುವ ತೆಂಗಿನಕಾಯಿ ಇದ್ದ ಹಾಗೆ. ಎಲೆಯ ಪ್ರೋಟೀನನ್ನು ಅರಗಿಸುವುದಕ್ಕೆ ಹುಳುವಿನ ಕರುಳಲ್ಲಿ ಕಿಣ್ವಗಳು ಇರುತ್ತವಲ್ಲ, ಅವೇ ಈ ಸಿಪ್ಪೆ ಸುಲಿಯುತ್ತವೆ. ಸುಮಾರು ಅರ್ಧ ಭಾಗ ಕತ್ತರಿಸಿ ಹೋಗುತ್ತದೆ. ಉಳಿದ ಗಟ್ಟಿ ತಿರುಳೇ ನಿಜವಾದ ವಿಷ. ಅಂದರೆ ಹುಳು ತನ್ನ ಕರುಳಲ್ಲಿ, ತನ್ನದೇ ಜೀರ್ಣರಸದಿಂದ, ತನಗೆ ಬೇಕಾದ ವಿಷವನ್ನು ತಾನೇ ತಯಾರು ಮಾಡಿಕೊಳ್ಳುತ್ತದೆ.

ಮುಂದಿನ ಹೆಜ್ಜೆ ಅಂಟಿಕೊಳ್ಳುವುದು. ಕರುಳಿನ ಒಳಗೋಡೆಯ ಕೋಶಗಳ ಮೇಲೆ ಕೆಲವು ಪ್ರೋಟೀನುಗಳು ಹೊರಗೆ ಚಾಚಿಕೊಂಡಿರುತ್ತವೆ. ಕ್ಯಾಡ್‌ಹೆರಿನ್ ಅಂತ ಒಂದು, ಇನ್ನೂ ಕೆಲವು ಇವೆ. ಸುಲಿದ ವಿಷ ಇವನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಆಮೇಲೆ ಕೆಲವು ಅಣುಗಳು ಒಟ್ಟುಗೂಡಿ ಕೋಶದ ಪೊರೆಯಲ್ಲಿ ಒಂದು ಸಣ್ಣ ತೂತು ಕೊರೆಯುತ್ತವೆ. ಆ ತೂತಿನಿಂದ ಲವಣ ಮತ್ತು ನೀರು ಹತೋಟಿ ಇಲ್ಲದೆ ಒಳಗೆ ನುಗ್ಗುತ್ತದೆ. ಕೋಶ ಉಬ್ಬಿ ಒಡೆಯುತ್ತದೆ. ಇಷ್ಟಾಗುವ ಹೊತ್ತಿಗೆ ಕರುಳು ಸ್ತಬ್ಧ, ಬಾಯಿಯೂ ಸ್ತಬ್ಧ. ನೀವು ಮರುದಿನ ಹುಡುಕಬೇಕಾದ ಗುರುತು ಇದು.

ಕರುಳಿನ ಗೋಡೆ ಒಡೆದ ಮೇಲೆ ಒಳಗಿನ ಕ್ಷಾರ ಹುಳುವಿನ ರಕ್ತಕ್ಕೆ ಸೋರುತ್ತದೆ. ನುಂಗಿದ ಬೀಜಕಗಳು ಮೊಳೆಯುತ್ತವೆ. ಮೊದಲೇ ಕರುಳಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳೂ ಆ ಬಿರುಕಿನಿಂದ ದೇಹಕ್ಕೆ ನುಗ್ಗುತ್ತವೆ. ರಕ್ತ ನಂಜಾಗಿ, ಜೊತೆಗೆ ಉಪವಾಸದಿಂದ, ಹುಳು ಸಾಯುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಅಂತ ವಿಜ್ಞಾನಿಗಳ ನಡುವೆ ಚರ್ಚೆ ಇದೆ. ನಿಮ್ಮ ಮಡಿಗೆ ಸಂಬಂಧಪಟ್ಟ ಮಾತು ಒಂದೇ. ಬಾಯಿ ನಿಲ್ಲುವುದು ಬೇಗ, ಸಾವು ನಿಧಾನ.

ಈಗ ನಿಮ್ಮ ಉಳಿದ ಪ್ರಶ್ನೆಗಳಿಗೆ ಉತ್ತರ ಸುಲಭ. ಅಲಸಂದೆ ಹೇನು ಯಾಕೆ ಸಾಯಲಿಲ್ಲ? ಅದು ಎಲೆಯನ್ನು ಅಗಿಯುವುದಿಲ್ಲ. ಸೂಜಿಯಂಥ ಮೂತಿಯನ್ನು ಒಳಗೆ ಚುಚ್ಚಿ ರಸ ಹೀರುತ್ತದೆ. ನೀವು ಹೊಡೆದ ಹರಳು ಎಲೆಯ ಮೇಲ್ಮೈಯಲ್ಲಿ ಕೂತಿದೆ, ಹೇನಿನ ಊಟ ಎಲೆಯ ಒಳಗಿದೆ. ಎರಡಕ್ಕೂ ಭೇಟಿಯೇ ಆಗುವುದಿಲ್ಲ. ಬಿಟಿ ಮೈಗೆ ತಾಗಿ ಕೊಲ್ಲುವ ಔಷಧ ಅಲ್ಲವಾದ್ದರಿಂದ ಹೇನನ್ನು ಅದರಲ್ಲಿ ಮುಳುಗಿಸಿದರೂ ಪ್ರಯೋಜನ ಇಲ್ಲ. ತೆಂಗಿನ ಕೆಂಪು ಮೂತಿ ಹುಳುವಿಗೂ ಇದೇ ಪುಡಿ ಹಾಕಬಹುದಾ ಅಂತ ಕರಾವಳಿಯಲ್ಲಿ ತುಂಬ ಜನ ನನ್ನನ್ನು ಕೇಳಿದ್ದಾರೆ. ಬೇಡ. ಅದು ದುಂಬಿ ಜಾತಿಯದು, ಕರುಳಿನ ಗುಣವೇ ಬೇರೆ, ಅಂಟಿಕೊಳ್ಳುವ ಪ್ರೋಟೀನೂ ಬೇರೆ. ಅದರ ಮೇಲೆ ಮರದ ಒಳಗೆ ಸುರಂಗ ಕೊರೆದು ಕೂತಿರುತ್ತದೆ.

ಮನುಷ್ಯರ ವಿಷಯಕ್ಕೆ ಬಂದರೆ, ನಮ್ಮ ಹೊಟ್ಟೆಯಲ್ಲಿ ಇರುವುದು ಹುಳಿ. ಅಲ್ಲಿ ಹರಳು ಹುಳುವಿನ ಕರುಳಿನಲ್ಲಿ ಆಗುವ ಹಾಗೆ ಕರಗಿ ತಯಾರಾಗುವುದಿಲ್ಲ, ಬೇರೆ ಪ್ರೋಟೀನಿನ ಹಾಗೆ ತುಂಡಾಗಿ ಅರಗಿಹೋಗುತ್ತದೆ. ಉಳಿದುಕೊಂಡರೂ ಅಂಟಿಕೊಳ್ಳುವುದಕ್ಕೆ ಬೇಕಾದ ಆ ಪ್ರೋಟೀನುಗಳು ನಮ್ಮ ಕರುಳಲ್ಲಿ ಇಲ್ಲ. ದನ, ನಾಯಿ, ಕೋಳಿಗೂ ಇದೇ ಮಾತು. ಆದರೂ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ. ನುಣ್ಣನೆಯ ಪುಡಿ, ಜೊತೆಗೆ ಜೀವಂತ ಬೀಜಕ. ಉಸಿರಲ್ಲಿ ಎಳೆದುಕೊಳ್ಳುವ ವಸ್ತು ಅಲ್ಲ.

ಬಿಟಿಯಲ್ಲಿ ತಳಿಗಳು ಬೇರೆ ಬೇರೆ ಇವೆ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದರಿಂದ ಆದ ಎಡವಟ್ಟನ್ನು ನಾನೇ ನೋಡಿದ್ದೇನೆ. ಕುಮಟಾ ಕಡೆಯ ಒಬ್ಬರು ಅಕ್ಕ ಎರಡು ವಾರ ಬಸಳೆಗೂ ಹರಿವೆಗೂ ಬಿಟಿ ಹೊಡೆದು, ಏನೂ ಆಗಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರು. ಪ್ಯಾಕೆಟ್ ತರಿಸಿ ನೋಡಿದರೆ ಅದರ ಮೇಲೆ ಇಸ್ರೇಲೆನ್ಸಿಸ್ ಅಂತ ಇತ್ತು. ಅದು ನಿಂತ ನೀರಿನಲ್ಲಿರುವ ಸೊಳ್ಳೆ ಮರಿಗೆ ಹಾಕುವ ತಳಿ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಹೊಂಡದಲ್ಲಿ ಸಿಕ್ಕಿದ್ದು. ಅದರ ಹರಳಿನ ಪ್ರೋಟೀನುಗಳೇ ಬೇರೆ, ಸೊಳ್ಳೆ ಮರಿಯ ಕರುಳಿಗೆ ಹೊಂದುವಂಥವು. ಹರಿವೆಯ ಹುಳುವಿಗೆ ಅದು ಹೊಂದುವುದಿಲ್ಲ. ನಿಮಗೆ ಬೇಕಾದದ್ದು ಕುರ್ಸ್ಟಾಕಿ ತಳಿ. ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿ kurstaki ಅಂತ ಇದೆಯಾ ಅಂತ ನೋಡಿ. ಬರೀ ‘ಬಿಟಿ’ ಅಂತ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡಬಹುದು.

ಕುರ್ಸ್ಟಾಕಿ ಕೂಡ ಎಲ್ಲ ಮರಿಹುಳುಗಳಿಗೂ ಒಂದೇ ಸಮ ಅಲ್ಲ. ಹರಿವೆಯಲ್ಲಿ ಒಮ್ಮೊಮ್ಮೆ ತಂಬಾಕು ಹುಳುವೂ ಬರುತ್ತದೆ. ದಪ್ಪಗೆ, ಕಂದು ಅಥವಾ ಕಪ್ಪು ಹಸಿರು ಬಣ್ಣ, ಬೆನ್ನಿನ ಎರಡೂ ಬದಿ ಸಾಲಾಗಿ ಕಪ್ಪು ಚುಕ್ಕೆ. ಹಗಲು ಮಣ್ಣಲ್ಲಿ ಅಡಗಿ, ರಾತ್ರಿ ಮೇಯುತ್ತದೆ. ಇದಕ್ಕೆ ಕುರ್ಸ್ಟಾಕಿಯ ಮುಖ್ಯ ಪ್ರೋಟೀನುಗಳು ಅಷ್ಟಾಗಿ ನಾಟುವುದಿಲ್ಲ, ಐಜಾವಾಯ್ ಅನ್ನುವ ತಳಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ನೀವು ಹೇಳಿದ ಹುಳು ಬೇರೆ. ತೆಳ್ಳಗೆ, ಗಾಜಿನಂಥ ಹಸಿರು, ಬೆನ್ನ ಮೇಲೆ ಎರಡು ಬಿಳಿ ಗೆರೆ, ಮುಟ್ಟಿದರೆ ಸರಕ್ಕನೆ ಹಿಂದಕ್ಕೆ ಜಾರುತ್ತದೆ. ಹೌದಾ? ಹಾಗಿದ್ದರೆ ಅದು ಹರಿವೆಯ ಬಲೆ ಹುಳು. ಕಂದು ರೆಕ್ಕೆಯ ಮೇಲೆ ಬಿಳಿ ಪಟ್ಟಿ ಇರುವ ಸಣ್ಣ ಪತಂಗದ ಮರಿ. ಇದಕ್ಕೆ ಕುರ್ಸ್ಟಾಕಿ ನಾಟುತ್ತದೆ.

ಹುಳುವಿನ ವಯಸ್ಸೂ ಮುಖ್ಯ. ಮೊಟ್ಟೆಯಿಂದ ಈಗಷ್ಟೇ ಬಂದ, ನೂಲಿನಷ್ಟು ತೆಳ್ಳಗಿನ ಮರಿಗೆ ಸ್ವಲ್ಪವೇ ಹರಳು ಸಾಕು. ಎರಡು ಸೆಂಟಿಮೀಟರ್ ಹತ್ತಿರ ಬೆಳೆದ ಹುಳುವಿಗೆ ಅಷ್ಟು ಸಾಲದು. ಹರಳು ಕಡಿಮೆ ತಿಂದ ದೊಡ್ಡ ಹುಳು ಒಂದೆರಡು ದಿನ ಮೇಯುವುದು ಬಿಟ್ಟು, ಒಡೆದ ಕೋಶಗಳ ಜಾಗದಲ್ಲಿ ಹೊಸ ಕೋಶ ಬೆಳೆಸಿಕೊಂಡು, ಮತ್ತೆ ಎದ್ದು ತಿನ್ನಲು ಶುರು ಮಾಡುತ್ತದೆ. ಹಾಗಾಗಿ ಎಲೆ ಮಡಚಿದ್ದು ಕಂಡ ಮೇಲೆ ಹೊಡೆದರೆ ಒಂದು ಹೆಜ್ಜೆ ಹಿಂದೆ ಬಿದ್ದ ಹಾಗೇ. ಅದರ ಮೇಲೆ ಆ ಮಡಿಕೆ. ಹುಳು ಎಲೆಯ ಎರಡು ಅಂಚನ್ನು ರೇಷ್ಮೆ ನೂಲಿನಿಂದ ಎಳೆದು ಕಟ್ಟಿ, ಒಳಗೆ ಕೂತು ಒಳಮೈಯನ್ನೇ ಕೆರೆದು ತಿನ್ನುತ್ತದೆ. ನಿಮ್ಮ ಔಷಧ ಬಿದ್ದಿದ್ದು ಹೊರಮೈಗೆ. ಹುಳು ಆ ಎಲೆ ಮುಗಿಸಿ ಹೊರಬಂದು ಮುಂದಿನ ಎಲೆಗೆ ಬಾಯಿ ಹಾಕುವ ತನಕ ಒಂದು ಹರಳೂ ಅದರ ಹೊಟ್ಟೆಗೆ ಹೋಗುವುದಿಲ್ಲ.

ಆ ಮುಂದಿನ ಎಲೆಯ ಮೇಲೆ ಹರಳು ಉಳಿದಿದ್ದರೆ ಸರಿ. ಬೆಳಿಗ್ಗೆ ಹತ್ತರ ತೊಂದರೆ ಇಲ್ಲೇ ಬರುತ್ತದೆ. ಬಿಸಿಲಿನ ನೇರಳಾತೀತ ಕಿರಣ ಈ ಪ್ರೋಟೀನನ್ನೂ ಬೀಜಕವನ್ನೂ ಹಾಳು ಮಾಡುತ್ತದೆ. ನಮ್ಮ ಕರಾವಳಿಯ ಫೆಬ್ರುವರಿ, ಮಾರ್ಚ್ ಬಿಸಿಲು ಗೊತ್ತಲ್ವಾ? ಬಯಲು ಗದ್ದೆಯಲ್ಲಿ ಬೇರೆ ನೆರಳೇ ಇಲ್ಲ. ನೀವು ಹತ್ತಕ್ಕೆ ಹೊಡೆದಾಗ ಹನಿ ಒಣಗುವುದಕ್ಕೂ ಸುಡುಬಿಸಿಲು ಏರುವುದಕ್ಕೂ ಸರಿಹೋಯಿತು. ಹುಳು ಮಡಿಕೆಯಿಂದ ಹೊರಬರುವ ಹೊತ್ತಿಗೆ ಎಲೆಯ ಮೇಲ್ಮೈಯಲ್ಲಿ ಇದ್ದದ್ದರಲ್ಲಿ ದೊಡ್ಡ ಪಾಲು ಕೆಟ್ಟಿರಬಹುದು. ಸಂಜೆ ಐದರ ಮೇಲೆ ಹೊಡೆದರೆ ಇಡೀ ರಾತ್ರಿ ನಿಮ್ಮದು.

ಇನ್ನು ಪುಡಿ ಡೂಪ್ಲಿಕೇಟಾ ಅನ್ನುವ ಪ್ರಶ್ನೆ. ಅನುಮಾನ ಇಟ್ಟುಕೊಂಡು ಕೂರುವ ಬದಲು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ನಾನು ಪ್ರತಿ ಹೊಸ ಪ್ಯಾಕೆಟ್ಟಿಗೂ ಇದನ್ನೇ ಮಾಡುತ್ತೇನೆ. ಹೀಗೆ ಮಾಡಲು ಶುರು ಮಾಡಿದ್ದಕ್ಕೂ ಕಾರಣ ಇದೆ. ಒಮ್ಮೆ ಒಂದು ಅಂಗಡಿಯಿಂದ ತಂದ ಪ್ಯಾಕೆಟ್ ತಾರೀಖಿನ ಪ್ರಕಾರ ಸರಿ ಇತ್ತು, ತಳಿಯೂ ಸರಿ ಇತ್ತು. ಆದರೆ ಇಡೀ ಬೇಸಿಗೆ ತಗಡಿನ ಮಾಡಿನ ಕೆಳಗೆ ಬಿಸಿಯಲ್ಲಿ ಕೂತಿತ್ತಂತೆ. ಅದನ್ನು ನಂಬಿ ಹೊಡೆದು ನಾನು ಅರ್ಧ ಮಡಿ ಹೂಕೋಸು ಕಳೆದುಕೊಂಡೆ. ಬಿಸಿ, ತೇವ ಎರಡೂ ಈ ಪುಡಿಗೆ ಆಗುವುದಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಎರಡು ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಬಿಳಿ ಕಾಗದ ಹಾಸಿ. ಒಂದು ಲೀಟರ್ ನೀರಿಗೆ ಎರಡು ಗ್ರಾಂ ಪುಡಿ ಕಲಸಿ, ನಾಲ್ಕೈದು ಹರಿವೆ ಎಲೆಗಳನ್ನು ಎರಡೂ ಬದಿ ಅದ್ದಿ, ನೆರಳಲ್ಲಿ ಪೂರ್ತಿ ಒಣಗಿಸಿ ಒಂದು ಡಬ್ಬಿಗೆ ಹಾಕಿ. ಬರೀ ನೀರಲ್ಲಿ ಅದ್ದಿ ಒಣಗಿಸಿದ ಎಲೆ ಇನ್ನೊಂದು ಡಬ್ಬಿಗೆ. ಒಂದೊಂದರಲ್ಲಿ ಹತ್ತು ಸಣ್ಣ ಹುಳು ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿ ಬಿಸಿಲು ಬೀಳದ ಕಡೆ ಇಡಿ. ಔಷಧ ಹೊಡೆದಿರದ ಗಿಡದಿಂದಲೇ ಹುಳು ಆರಿಸಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಮರುದಿನ ಬೆಳಿಗ್ಗೆ ಹುಳು ನೋಡಬೇಡಿ, ಮೊದಲು ಕಾಗದ ನೋಡಿ. ನೀರಿನ ಡಬ್ಬಿಯ ಕಾಗದದ ಮೇಲೆ ಸಾಸಿವೆಗಿಂತ ಸಣ್ಣ, ಹಸಿರು ಕಪ್ಪು ಹಿಕ್ಕೆ ಉದುರಿರುತ್ತದೆ. ಎಲೆ ಜಾಲರಿ ಆಗಿರುತ್ತದೆ. ಪುಡಿ ಚೆನ್ನಾಗಿದ್ದರೆ ಇನ್ನೊಂದರಲ್ಲಿ ಹಿಕ್ಕೆ ತೀರಾ ಕಡಿಮೆ, ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕೆರೆದ ಕಲೆ ಅಷ್ಟೇ. ಆಮೇಲೆ ಒಂದು ಹುಳುವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಈ ಹುಳುವಿನ ಚರ್ಮ ಗಾಜಿನ ಹಾಗೆ. ಚೆನ್ನಾಗಿ ಮೇಯುವ ಹುಳುವಿನ ಮೈಯುದ್ದಕ್ಕೂ ಕರುಳಿನಲ್ಲಿ ಎಲೆಯ ಗಾಢ ಹಸಿರು ಕಾಣುತ್ತದೆ. ಬಿಟಿ ತಿಂದ ಹುಳುವಿನಲ್ಲಿ ಆ ಹಸಿರು ಮಾಸಿ, ಮೈ ಪೇಲವ ಆಗಿರುತ್ತದೆ. ಮುಟ್ಟಿದರೆ ಸರಕ್ಕನೆ ಜಾರುವ ಚುರುಕು ಇರುವುದಿಲ್ಲ. ಎರಡನೇ, ಮೂರನೇ ದಿನಕ್ಕೆ ಮೈ ಮೆತ್ತಗಾಗಿ, ಕಂದು ಬಣ್ಣಕ್ಕೆ ತಿರುಗಿ, ಕಪ್ಪಾಗಿ ಸಾಯುತ್ತದೆ.

ಇಲ್ಲಿ ಒಂದು ಕಡೆ ಮೋಸ ಹೋಗಬಾರದು. ಪೂರ್ತಿ ಬೆಳೆದ ಬಲೆ ಹುಳು ಪತಂಗವಾಗಲು ಕೋಶ ಕಟ್ಟುವ ಮೊದಲು ತಾನಾಗಿಯೇ ತಿನ್ನುವುದು ಬಿಡುತ್ತದೆ. ಆಗ ಮೈ ಗುಲಾಬಿ ಕೆಂಪು ಛಾಯೆಗೆ ತಿರುಗುತ್ತದೆ, ಮಣ್ಣಿಗೆ ಇಳಿಯಲು ಜಾಗ ಹುಡುಕುತ್ತದೆ. ಅದು ಔಷಧದ ಪರಿಣಾಮ ಅಲ್ಲ. ಅದಕ್ಕೇ ಸಣ್ಣ ಹುಳು ಆರಿಸಿ ಅಂದೆ.

ಎರಡೂ ಡಬ್ಬಿಯಲ್ಲಿ ಹಿಕ್ಕೆ ಒಂದೇ ಸಮ ಇದ್ದರೆ ಪುಡಿ ಸತ್ತಿದೆ ಅಥವಾ ತಳಿ ಬೇರೆ. ಡಬ್ಬಿಯಲ್ಲಿ ಹುಳು ಸತ್ತು, ಗದ್ದೆಯಲ್ಲಿ ಮಾತ್ರ ಸಾಯದಿದ್ದರೆ ಪುಡಿ ಸರಿ ಇದೆ, ಹೊಡೆದದ್ದರಲ್ಲಿ ತಪ್ಪಿದೆ. ನಿಮ್ಮ ವಿವರ ಓದಿದರೆ ನನಗೆ ಎರಡನೆಯದೇ ಅನ್ನಿಸುತ್ತದೆ.

ಈಗ ಸರಿಯಾಗಿ ಹೊಡೆಯುವ ಬಗೆ ಹೇಳುತ್ತೇನೆ. ನಿಮ್ಮದು ಒಂದು ಗುಂಟೆ, ಅಂದರೆ ಸುಮಾರು ನೂರು ಚದರ ಮೀಟರ್. ಐದು ಲೀಟರ್ ದ್ರಾವಣ ಸಾಕು. ಹೆಚ್ಚಿನ ಪುಡಿಗಳಿಗೆ ಲೀಟರಿಗೆ ಒಂದರಿಂದ ಎರಡು ಗ್ರಾಂ ಲೆಕ್ಕ ಇರುತ್ತದೆ. ಎರಡು ಗ್ರಾಂ ಹಿಡಿದರೆ ಒಟ್ಟು ಹತ್ತು ಗ್ರಾಂ. ನಿಮ್ಮ ಪ್ಯಾಕೆಟ್ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಅನುಸರಿಸಿ. ಪುಡಿಯನ್ನು ನೇರ ಪಂಪಿಗೆ ಹಾಕಬೇಡಿ, ಗಂಟಾಗುತ್ತದೆ. ಒಂದು ಲೋಟ ನೀರಲ್ಲಿ ಮಜ್ಜಿಗೆ ಕಲಸಿದ ಹಾಗೆ ಕಲಸಿ, ಬಟ್ಟೆಯಲ್ಲಿ ಸೋಸಿ ಆಮೇಲೆ ಹಾಕಿ. ಹರಳು ತಳಕ್ಕೆ ಇಳಿಯುವ ವಸ್ತು, ಆದ್ದರಿಂದ ಹೊಡೆಯುತ್ತಾ ಪಂಪನ್ನು ಆಗಾಗ ಅಲುಗಿಸಿ. ಕಲಸಿದ್ದನ್ನು ಅದೇ ಸಂಜೆ ಮುಗಿಸಿ, ಮರುದಿನಕ್ಕೆ ಇಡಬೇಡಿ.

ಪಂಪಿನ ವಿಷಯ ಸ್ವಲ್ಪ ನಿಂತು ಕೇಳಿ. ನಿಮ್ಮ ಮನೆಯಲ್ಲಿ ಅಡಿಕೆ ಇದ್ದರೆ ಅದೇ ಪಂಪಿನಲ್ಲಿ ಮಳೆಗಾಲದಲ್ಲಿ ಕೊಳೆ ಮದ್ದು ಹೊಡೆದಿರುತ್ತೀರಿ. ಕೊಳೆ ಮದ್ದು ಅಂದರೆ ಮೈಲುತುತ್ತ ಮತ್ತು ಸುಣ್ಣ. ಹರಳು ಕ್ಷಾರದಲ್ಲಿ ಕರಗುತ್ತದೆ ಅಂತ ಮೇಲೆ ಹೇಳಿದೆನಲ್ಲ, ಸುಣ್ಣ ಉಳಿದ ಪಂಪಿನಲ್ಲಿ ಅದು ಹುಳುವಿನ ಹೊಟ್ಟೆ ಸೇರುವ ಮೊದಲೇ ಕರಗಲು ಶುರುವಾಗುತ್ತದೆ. ಕರಗಿದ ಪ್ರೋಟೀನ್ ಎಲೆಯ ಮೇಲೆ ಬಹಳ ಹೊತ್ತು ಉಳಿಯುವುದಿಲ್ಲ. ಮೈಲುತುತ್ತದಲ್ಲಿರುವ ತಾಮ್ರವೂ ಬ್ಯಾಕ್ಟೀರಿಯಾಕ್ಕೆ ಆಗದ ವಸ್ತು. ಶಿರಸಿ ಕಡೆ ತೋಟದವರು ಎರಡನ್ನೂ ಒಟ್ಟಿಗೆ ಹೊಡೆದರೆ ಒಂದು ಕೂಲಿ ಉಳಿಯಿತು ಅಂದುಕೊಳ್ಳುತ್ತಾರೆ. ದಯವಿಟ್ಟು ಬೆರೆಸಬೇಡಿ. ಪಂಪನ್ನು ಮೂರು ಸಲ ತೊಳೆದು, ಪೈಪು, ನಳಿಕೆಯೊಳಗೂ ನೀರು ಹಾಯಿಸಿ. ಬಟ್ಟೆ ಸೋಪೂ ಕ್ಷಾರವೇ, ಅದರ ನೀರು ಜಾಸ್ತಿ ಬೆರೆಸುವುದೂ ಒಳ್ಳೆಯದಲ್ಲ. ನಮ್ಮ ಚಿರೆಕಲ್ಲು ನೆಲದ ಬಾವಿ ನೀರು ಸಾಮಾನ್ಯವಾಗಿ ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ, ಬರೀ ನೀರಿನಿಂದ ನಿಮಗೆ ತೊಂದರೆ ಆಗಲಾರದು.

ಹೊಡೆಯುವ ಮೊದಲು ಮಡಿಯಲ್ಲಿ ಒಂದು ಸುತ್ತು ಹೋಗಿ, ಮಡಚಿದ ಎಲೆಗಳನ್ನು ಕಿತ್ತು ಒಂದು ಬುಟ್ಟಿಗೆ ಹಾಕಿ. ಒಂದು ಗುಂಟೆಗೆ ಇಬ್ಬರಿಗೆ ಅರ್ಧ ಗಂಟೆ ಸಾಕು. ಅವುಗಳೊಳಗಿನ ದೊಡ್ಡ ಹುಳುಗಳಿಗೆ ಔಷಧಕ್ಕಿಂತ ಕೈಯೇ ಮೇಲು. ಕೋಳಿ ಇದ್ದರೆ ಬುಟ್ಟಿ ಅವುಗಳ ಮುಂದೆ ಸುರಿಯಿರಿ, ಇಲ್ಲವಾದರೆ ನೀರಲ್ಲಿ ಮುಳುಗಿಸಿ. ಉಳಿಯುವುದು ಸಣ್ಣ ಹುಳುಗಳು ಮತ್ತು ಈಗ ಒಡೆಯುತ್ತಿರುವ ಮೊಟ್ಟೆಗಳು. ಬಿಟಿ ಚೆನ್ನಾಗಿ ಹಿಡಿಯುವುದು ಇವನ್ನೇ. ಪತಂಗ ಮೊಟ್ಟೆ ಇಡುವುದು ಹೆಚ್ಚಾಗಿ ಎಲೆಯ ಕೆಳಮೈಯಲ್ಲಿ, ಸಣ್ಣ ಹುಳು ಕೆರೆಯಲು ಶುರು ಮಾಡುವುದೂ ಅಲ್ಲೇ. ಅಲ್ಲಿ ಬಿಸಿಲೂ ಕಡಿಮೆ. ಆದ್ದರಿಂದ ನಳಿಕೆಯನ್ನು ಮೇಲ್ಮುಖ ಮಾಡಿ, ಸಾಲಿನ ಬುಡದಿಂದ ಮೇಲಕ್ಕೆ ಹೊಡೆಯಿರಿ. ಹೊಡೆದ ಮೇಲೆ ಒಂದು ಎಲೆ ತಿರುಗಿಸಿ ನೋಡಿ. ಹಿಂಬದಿ ಒಣಗಿದ್ದರೆ ಅರ್ಧ ಕೆಲಸ ಬಾಕಿ ಇದೆ ಅಂತ ಅರ್ಥ.

ಆ ಸಂಜೆ ಮಡಿಗೆ ನೀರು ಹಾಕುವ ಕ್ರಮ ಇದ್ದರೆ ಹೊಡೆಯುವ ಮೊದಲೇ ಹಾಕಿ ಮುಗಿಸಿ. ಕೊಡದಲ್ಲಿ ಮೇಲಿಂದ ಹೊಯ್ದರೆ ಔಷಧ ತೊಳೆದುಹೋಗುತ್ತದೆ. ಮರುದಿನ ಬುಡಕ್ಕೆ ಮಾತ್ರ ಕೊಡಿ.

ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಇವತ್ತು ಸಂಜೆ ಮಡಚಿದ ಎಲೆ ಕಿತ್ತು, ಔಷಧ ಹೊಡೆದಿರಿ ಅಂತ ಇಟ್ಟುಕೊಳ್ಳೋಣ. ನಾಳೆ ಬೆಳಿಗ್ಗೆ ಹುಳು ಜೀವಂತ ಕಾಣುತ್ತವೆ, ಹೆದರಬೇಡಿ. ಬೇರೆ ಬೇರೆ ಕಡೆಯ ಹತ್ತು ಗಿಡ ಆರಿಸಿ, ತುದಿಯ ಮೂರು ಎಲೆಗಳ ಮೇಲೆ ಹೊಸ ಹಿಕ್ಕೆ, ಹೊಸ ಕೆರೆತ ಇದೆಯಾ ನೋಡಿ. ಹೊಸ ಹಿಕ್ಕೆ ಹಸಿಯಾಗಿ ಹೊಳೆಯುತ್ತದೆ, ಹಳೆಯದು ಒಣಗಿ ಉದುರುತ್ತದೆ. ನಾಡಿದ್ದು ಅದೇ ಗಿಡಗಳನ್ನು ಮತ್ತೆ ನೋಡಿ. ಹೊಸ ಕೆರೆತ ಇಲ್ಲದಿದ್ದರೆ ಇನ್ನೇನೂ ಮಾಡಬೇಕಿಲ್ಲ. ಹೊಸದಾಗಿ ಒಡೆದ ಮರಿ ಕಂಡರೆ ಮಾತ್ರ ಮೂರನೇ ಸಂಜೆ ಇನ್ನೊಂದು ಸಲ ಹೊಡೆಯಿರಿ. ಔಷಧ ಹೊಡೆದ ಮೇಲೆ ಹುಟ್ಟಿದ ಚಿಗುರಿನ ಮೇಲೆ ಹರಳು ಇರುವುದಿಲ್ಲ. ಹರಿವೆ ಬೇಗ ಬೆಳೆಯುವುದರಿಂದ ಈ ಮಾತು ನೆನಪಿರಲಿ. ಐದನೇ ದಿನ ಸೊಪ್ಪು ಕೀಳಬಹುದು. ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಅಷ್ಟು ಬಿಡಿ. ಕಟ್ಟು ಕಟ್ಟುವ ಮೊದಲು ಎರಡು ನೀರಲ್ಲಿ ತೊಳೆಯಿರಿ. ಸತ್ತ ಹುಳು, ಬಲೆ, ಹಿಕ್ಕೆ ಎಲ್ಲ ಹೋಗುತ್ತದೆ.

ಹೊಡೆಯುವಾಗ ಪಕ್ಕದ ಕರಿಬೇವು, ನಿಂಬೆ ಗಿಡಕ್ಕೆ ಸಿಡಿಯದಂತೆ ನೋಡಿಕೊಳ್ಳಿ. ಅವುಗಳ ಮೇಲೆ ಬೆಳೆಯುವ ದೊಡ್ಡ ಚಿಟ್ಟೆಗಳ ಮರಿಗಳಿಗೂ ಈ ಹರಳು ಹೊಂದುತ್ತದೆ, ಅವೂ ಸಾಯುತ್ತವೆ. ಹಿಪ್ಪುನೇರಳೆ ಹತ್ತಿರ ಅಂತೂ ಬೇಡವೇ ಬೇಡ. ತುಡುವೆ ಜೇನಿಗೆ, ಗುಲಗಂಜಿ ಹುಳಕ್ಕೆ, ಬಲೆ ಹುಳುವಿನ ಮೈಯಲ್ಲಿ ಮೊಟ್ಟೆ ಇಡುವ ಸಣ್ಣ ಕಣಜಗಳಿಗೆ ಕುರ್ಸ್ಟಾಕಿ ನೇರವಾಗಿ ಏನೂ ಮಾಡುವುದಿಲ್ಲ. ನಾನು ಸೊಪ್ಪಿಗೆ ಬಿಟಿ ಅಂತ ಹೇಳುವುದಕ್ಕೆ ದೊಡ್ಡ ಕಾರಣ ಇದೇ. ಅಲಸಂದೆ ಹೇನಿಗೆ ಆ ಗುಲಗಂಜಿ ಹುಳುಗಳೇ ಬರಲಿ, ಜೊತೆಗೆ ನೀವು ಹೇನು ಹತ್ತಿದ ಕುಡಿಗಳನ್ನು ಜಿಗುಟಿ ತೆಗೆಯಿರಿ, ಜೋರಾಗಿ ನೀರು ಹೊಡೆದು ಉದುರಿಸಿ.

ಸೊಪ್ಪು ಕಿತ್ತಾದ ಮೇಲೆ ಮಡಿಯನ್ನು ಹಾಗೇ ಬಿಡಬೇಡಿ. ಬಲೆ ಹುಳು ಕೋಶ ಕಟ್ಟುವುದು ಮಣ್ಣಲ್ಲಿ, ಮೇಲ್ಪದರದಲ್ಲೇ. ಮಣ್ಣೊಳಗಿನ ಕೋಶ ಏನನ್ನೂ ತಿನ್ನುವುದಿಲ್ಲ, ಹಾಗಾಗಿ ಅದಕ್ಕೆ ಬಿಟಿ ತಾಗುವುದಿಲ್ಲ. ಎರಡು ಮೂರು ಬೆರಳಷ್ಟು ಮಣ್ಣು ಕೆದಕಿ ನಾಲ್ಕು ದಿನ ಬಿಸಿಲಿಗೆ ಬಿಡಿ, ಕೊಕ್ಕರೆ, ಮೈನಾ, ಕೋಳಿ ಹೆಕ್ಕಿಕೊಳ್ಳುತ್ತವೆ. ಮುಳ್ಳು ಹರಿವೆ ಗದ್ದೆಯ ಅಂಚಿಗೆ ಎದ್ದಿದ್ದರೆ ಅದನ್ನೂ ಕಿತ್ತುಬಿಡಿ, ಪತಂಗ ಅಲ್ಲಿಯೂ ಮೊಟ್ಟೆ ಇಡುತ್ತದೆ. ಮುಂದಿನ ಬಿತ್ತನೆ ಮೊಳೆತು ನಾಲ್ಕೆಲೆ ಆದಾಗಿನಿಂದ ಎರಡು ದಿನಕ್ಕೊಮ್ಮೆ ಎಲೆಯ ಹಿಂಬದಿ ತಿರುಗಿಸಿ ನೋಡಿ. ಹಸಿರು ಕೆರೆದು, ಆಚೆ ಬದಿಯ ತೆಳು ಪೊರೆ ಮಾತ್ರ ಉಳಿದ ಸಣ್ಣ ಸಣ್ಣ ಕಿಟಕಿಗಳು ಕಂಡರೆ ಮರಿ ಒಡೆದಿದೆ ಅಂತ ತಿಳಿಯಿರಿ. ಪಂಪು ತೆಗೆಯಬೇಕಾದದ್ದು ಆ ಸಂಜೆ.